ಇಪ್ಪತ್ತೊಂಬತ್ತಿಲ್ಲದ ವರ್ಷ ಶುಭಾಶಯ ಯಾವತ್ತು?

ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು. ಅವರು ಪ್ರಧಾನಿಯಾಗಿದ್ದುದು 1977ರ ಮಾರ್ಚ್‌ನಿಂದ 1979ರ ಜುಲೈವರೆಗೆ. ಆ ನಡುವೆ ಬಂದ ಎರಡು ಫೆಬ್ರವರಿಗಳೂ 28ಕ್ಕೇ ಮುಗಿದವು. ದೇಶದ ಪ್ರಧಾನಿಗೂ ಹುಟ್ಟಿದ ತಾರೀಕಿನಂದೇ ಶುಭಾಶಯ ಹೇಳಲು ದಾರಿಯಿರಲಿಲ್ಲ.

ಇಂಥವರಿಗೆ ಹಾರೈಸುವ ರೂಢಿ ಮೂರು ಬಗೆಯದು. ಅವುಗಳಲ್ಲಿ ತೀರಾ ಬಡವಾದದ್ದು, ನಾಲ್ಕು ವರ್ಷಕ್ಕೊಮ್ಮೆ ಫೋನ್ ಮಾಡಿ ‘ನಿನಗಿನ್ನೂ ಆರೇ ವರ್ಷ’ ಎಂದು ನಗುವುದು. ಹುಟ್ಟಿದಾಗಿನಿಂದ ಕೇಳಿ ಕೇಳಿ ಸವೆದ ಈ ತಮಾಷೆ ಉಳಿದ ಮೂರು ವರ್ಷ ಮರೆಯುವುದಕ್ಕೆ ನೆಪವೂ ಆಗುತ್ತದೆ.

ಉಳಿದೆರಡು ರೂಢಿಗಳಿಗೆ ತಕ್ಕ ವಾದವಿದೆ. ಫೆಬ್ರವರಿಯಲ್ಲಿ ಹುಟ್ಟಿದವರ ಹಬ್ಬ ಫೆಬ್ರವರಿಯಲ್ಲೇ ಆಗಲಿ ಎನ್ನುವವರು 28 ಹಿಡಿಯುತ್ತಾರೆ. 28 ಮುಗಿಯದೆ ವರ್ಷ ತುಂಬದು ಎನ್ನುವವರದ್ದು ಮಾರ್ಚ್ 1. ಕಾನೂನಿನಲ್ಲೂ ಒಮ್ಮತವಿಲ್ಲ: ವಯಸ್ಸಿನ ಲೆಕ್ಕಕ್ಕೆ ತೈವಾನ್ ಫೆಬ್ರವರಿಯ ಕೊನೆಯ ದಿನವನ್ನೂ ಹಾಂಗ್‌ಕಾಂಗ್ ಮಾರ್ಚ್ 1ನ್ನೂ ಒಪ್ಪುತ್ತವೆ.

ಸೂರ್ಯನ ಲೆಕ್ಕ ಹಾಕಿದರೆ ಯಾರು ಗೆಲ್ಲುತ್ತಾರೆ? ಒಂದು ವರ್ಷವೆಂದರೆ 365 ದಿನದ ಮೇಲೆ ಸುಮಾರು 5 ಗಂಟೆ 49 ನಿಮಿಷ. 2000ದ ಫೆಬ್ರವರಿ 29ರಂದು ಬೆಳಗಿನ ಜಾವ 3ಕ್ಕೆ ಹುಟ್ಟಿದ ಮಗುವಿಗೆ 2001ರಲ್ಲಿ ವರ್ಷ ತುಂಬುವುದು 28ರ ಬೆಳಿಗ್ಗೆ 8:49ಕ್ಕೆ. ಮುಂದಿನೆರಡು ವರ್ಷವೂ 28ರಂದೇ, ಆದರೆ ಮಧ್ಯಾಹ್ನಕ್ಕೂ ರಾತ್ರಿಗೂ ಸರಿಯುತ್ತದೆ. ಅದೇ ದಿನ ರಾತ್ರಿ 8ಕ್ಕೆ ಹುಟ್ಟಿದ ಮಗುವಿಗೆ ಮೂರು ವರ್ಷವೂ ಮಾರ್ಚ್ 1ರಂದೇ ತುಂಬುತ್ತದೆ. ನಡುಮಧ್ಯಾಹ್ನ ಹುಟ್ಟಿದವರಿಗೆ ಮೊದಲೆರಡು ವರ್ಷ 28, ಮೂರನೆಯದಕ್ಕೆ ಮಾರ್ಚ್ 1. ಎರಡು ಪಕ್ಷವೂ ಅರ್ಧ ಸರಿ. ತೀರ್ಪು ಕೊಡುವುದು ಹುಟ್ಟಿದ ಗಳಿಗೆ.

28ರ ರಾತ್ರಿ 12ಕ್ಕೆ ಕರೆ ಮಾಡಿ ಎರಡೂ ದಿನವನ್ನು ಒಟ್ಟಿಗೆ ಹಿಡಿಯುವುದು ಈಗಿನ ಹುಡುಗರ ಜಾಣತನ. ಗೆಳೆಯರ ನಡುವೆ ನಡೆಯುತ್ತದೆ, ಒಂಬತ್ತಕ್ಕೇ ಮಲಗುವ ಅಜ್ಜನಿಗೆ ನಡೆಯುವುದಿಲ್ಲ. ಜನ್ಮನಕ್ಷತ್ರ ನೋಡಿ ಪೂಜೆ ಮಾಡಿಸುವ ಮನೆಗಳಿಗೆ ಈ ತೊಡಕೇ ಇಲ್ಲ. ನಕ್ಷತ್ರ ಪ್ರತಿವರ್ಷ ಬರುತ್ತದೆ, ತಾರೀಕು ಹಿಂದುಮುಂದಾದರೂ ಯಾರೂ ಕೇಳುವುದಿಲ್ಲ.

ಹುಟ್ಟಿದವರು ಮನೆಯಲ್ಲಿ ಯಾವ ದಿನ ಆಚರಿಸುತ್ತಾರೋ ಅದೇ ಸರಿಯಾದ ದಿನ. ಒಮ್ಮೆ ಕೇಳಿಟ್ಟುಕೊಂಡರೆ ಸಾಕು. ಕೇಳುವ ಸಲಿಗೆಯಿಲ್ಲದಿದ್ದರೆ 28ರ ಸಂಜೆಯೇ ವಾಸಿ. ಅವರು ಮಾರ್ಚ್ 1ರವರಾಗಿದ್ದರೆ ಹಾರೈಕೆ ಸ್ವಲ್ಪ ಮುಂಚೆ ಬಂದಂತಾಗುತ್ತದೆ, ಅಷ್ಟೇ. 28ರವರಿಗೆ ಮಾರ್ಚ್ 1ರಂದು ಹೇಳಿದರೆ ಮರೆತು ಹೇಳಿದಂತೆ ಕಾಣುತ್ತದೆ. ಫೋನಿನಲ್ಲಿ ನೆನಪಿಗೆ ಹಾಕುವಾಗ ಮಾತ್ರ 29 ಎಂದು ಬರೆಯಬೇಡಿ. ಹಲವು ಕ್ಯಾಲೆಂಡರ್‌ಗಳು ಇಲ್ಲದ ತಾರೀಕನ್ನು ದಾಟಿ ಹೋಗುತ್ತವೆ, ಮೂರು ವರ್ಷ ಗಂಟೆ ಬಾರಿಸುವುದೇ ಇಲ್ಲ.