ಸಮಾಚಾರದಲ್ಲಿ ಎಷ್ಟು ಚಾ?

ಚಾ ಅಂಗಡಿಯ ಬೋರ್ಡಿಗೆ ಪನ್ ಬರೆಯುವವರಿಗೆ ಕನ್ನಡ ಒಂದು ದೊಡ್ಡ ಉಪಕಾರ ಮಾಡಿಟ್ಟಿದೆ. ಸಮಾಚಾರ, ವಿಚಾರ, ಉಪಚಾರ, ಸಂಚಾರ, ಗ್ರಹಚಾರ, ಹೀಗೆ ಎಲ್ಲದರ ಹೊಟ್ಟೆಯಲ್ಲೂ ಒಂದೊಂದು ಚಾ ಇದೆ. ಆ ಒಂದಕ್ಷರಕ್ಕೆ ಕೆಂಪು ಬಣ್ಣ ಬಳಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ಪದವನ್ನು ಒಡೆದು ಎರಡನೆಯ ಅರ್ಥ ತೆಗೆಯುವುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಸಭಂಗ ಶ್ಲೇಷೆ ಎನ್ನುತ್ತಾರೆ, ಒಡೆಯದೆ ತೆಗೆದರೆ ಅಭಂಗ. ಬೋರ್ಡುಗಳಲ್ಲಿ ಕಾಣುವುದು ಹೆಚ್ಚಾಗಿ ಒಡೆದ ಜಾತಿಯೇ. ಆದರೆ ಒಡೆದಾಗ ಸಿಕ್ಕಿದ ಎರಡೂ ಅರ್ಥಗಳು ಆ ಅಂಗಡಿಯಲ್ಲಿ ನಿಜವಾಗಿರಬೇಕು. ‘ಏನು ಸಮಾಚಾರ?’ ಎಂಬ ಸಾಲು ಗೂಡಂಗಡಿಗೆ ಒಪ್ಪುವುದು ಅದಕ್ಕೇ. ಅಲ್ಲಿ ಚಾವೂ ಸಿಗುತ್ತದೆ, ಊರಿನ ಸುದ್ದಿಯೂ ಸಿಗುತ್ತದೆ. ‘ಚಾರಿತ್ರಿಕ ಚಾ’ ಒಪ್ಪುವುದಿಲ್ಲ, ಏಕೆಂದರೆ ಅಂಗಡಿ ತೆರೆದದ್ದು ಹೋದ ದೀಪಾವಳಿಗೆ. ಅದರಲ್ಲಿ ಉಳಿಯುವುದು ಸದ್ದು ಮಾತ್ರ.

‘ಉಪಚಾರ’ವನ್ನೇ ತೆಗೆದುಕೊಳ್ಳಿ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿನಿಂದ ಸೊಂಟ ನೆಟ್ಟಗೆ ಮಾಡುತ್ತಾ ಇಳಿಯುವ ಯಾತ್ರಿಕರ ಎದುರು ‘ಬನ್ನಿ, ಉಪಚಾರ ಇದೆ’ ಎಂದು ಬರೆದರೆ ಅದು ಅತಿಥಿಗೆ ಹೇಳುವ ಮಾತಾಗುತ್ತದೆ. ಅದೇ ಬೋರ್ಡನ್ನು ಪುತ್ತೂರಿನಲ್ಲಿ ಯಾವುದಾದರೂ ಆಸ್ಪತ್ರೆಯ ಗೇಟಿನೆದುರು ನೆಡಿ. ಉಪಚಾರಕ್ಕೆ ಚಿಕಿತ್ಸೆ ಎಂಬ ಅರ್ಥವೂ ಇದೆಯಲ್ಲ. ಒಳಗೆ ಅಪ್ಪನನ್ನು ಮಲಗಿಸಿ ರಾತ್ರಿ ಎರಡು ಗಂಟೆಗೆ ಚಾ ಕುಡಿಯಲು ಬಂದವನಿಗೆ ಬರೆದವನು ಕರೆಯದಿದ್ದ ಆ ಅರ್ಥವೇ ಮೊದಲು ಕಾಣುತ್ತದೆ. ಅಕ್ಷರಗಳೆಲ್ಲ ಅವೇ, ನಗು ಮಾತ್ರ ಹೋಯಿತು. ಇದೇ ಪ್ರಾಸದಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ ಇರುವ ಪದವೂ ಬರುತ್ತದೆ. ಎಂತಹ ಚತುರ ಎಂದು ಬೆನ್ನು ತಟ್ಟುವ ಗೆಳೆಯರಿದ್ದರೂ ಅದನ್ನು ಬೋರ್ಡಿಗೆ ಏರಿಸಬಾರದು.

ನಮ್ಮ ಕಡೆ ಇನ್ನೊಂದು ತೊಡಕಿದೆ, ಭಾಷೆಗಳದ್ದು. ‘ಚಾ ಬೋಡಾ? ಬೋರ್ಡ್ ತೂಲೆ’ ಎಂದು ಬರೆದರೆ ತುಳು ಬಲ್ಲವರು ಬೋಡು-ಬೋರ್ಡುಗಳ ಜೋಡಿಗೆ ಕೂಡಲೇ ನಗುತ್ತಾರೆ. ಮಾಣಿ-ಮೈಸೂರು ಹೆದ್ದಾರಿಯಲ್ಲಿ ಸಂಪಾಜೆ ಘಾಟಿ ಇಳಿದು ಬಂದ ಮೈಸೂರಿನವರಿಗೆ ಬೋಡು ಎಂದರೆ ಬೋಳುತಲೆ. ಅವರು ಬೋರ್ಡನ್ನೂ ನೋಡುತ್ತಾರೆ, ಗಲ್ಲಾದಲ್ಲಿ ಕೂತ ಯಜಮಾನರ ತಲೆಯನ್ನೂ ನೋಡುತ್ತಾರೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸಿದಾಗ ಸಭೆ ನಗುವುದು ಪ್ರಸಂಗ ಎಲ್ಲರಿಗೂ ಗೊತ್ತಿರುವುದರಿಂದ. ಹೆದ್ದಾರಿಯ ಗಿರಾಕಿಗೆ ನಿಮ್ಮ ಪ್ರಸಂಗ ಗೊತ್ತಿಲ್ಲ. ಆದ್ದರಿಂದ ತುಳು ಸಾಲು ಒಳಗಿನ ಗೋಡೆಗಿರಲಿ. ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವರು, ಅಡಿಕೆ ಸುಲಿಯಲು ಹೊರಟವರು ಬೆಂಚಿನ ಮೇಲೆ ಕೂತು ಓದುವುದು ಅದನ್ನೇ.

ರಸ್ತೆಯ ಬೋರ್ಡಿಗೆ ಬೇರೆ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ದಾಟುತ್ತದೆ. ಮೂರು ಸೆಕೆಂಡ್ ಯೋಚಿಸಬೇಕಾದ ಶ್ಲೇಷೆ ಅರ್ಥವಾಗುವ ಹೊತ್ತಿಗೆ ಗಿರಾಕಿ 40 ಮೀಟರ್ ಮುಂದೆ, ಪಕ್ಕದ ಅಂಗಡಿಯೆದುರು ಇರುತ್ತಾನೆ. ಹೊರಗೆ ‘ಚಾ, ಬನ್ಸ್, ಗೋಳಿಬಜೆ’ ಸಾಕು.

ಒಳ್ಳೆಯ ಸಾಲಿಗೆ ಒಂದು ಕೆಲಸವೂ ಇರುತ್ತದೆ. ‘ಒಂದು ಚಾ ಸಾಲದೇ? ಎರಡು ಕುಡಿಯಿರಿ, ಸಾಲ ಮಾತ್ರ ಬೇಡ’ ಎಂಬುದನ್ನು ನೋಡಿ. ಗಿರಾಕಿಯ ಮುಖ ಕೆಡಿಸದೆ ಉದ್ರಿ ಇಲ್ಲವೆಂದು ಹೇಳಿಯಾಯಿತು. ‘ಕರೆಂಟ್ ಹೋದರೂ ಚಾ ಚಾಲೂ’ ಎನ್ನುವುದಕ್ಕೆ ಸುಳ್ಯದ ಜುಲೈ ಬೇಕು. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದ ದಿನ ಅದು ಓದಿದವರನ್ನು ನೇರ ಒಳಗೆ ಕರೆತರುತ್ತದೆ. ಮಾರ್ಚಿನ ಬಿಸಿಲಿನಲ್ಲಿ ಅದೇ ಸಾಲು ಗೋಡೆಯ ಬಣ್ಣದಷ್ಟೇ ನಿರ್ಜೀವ.

ಹಾಗಾಗಿ ಪೈಂಟ್ ಬೇಡ, ಕರಿಹಲಗೆ ಮತ್ತು ಸೀಮೆಸುಣ್ಣ ಸಾಕು. ದಿನವೂ ಬರುವ ಗಿರಾಕಿ ಒಂದು ಶ್ಲೇಷೆಗೆ ಒಮ್ಮೆ ನಗುತ್ತಾನೆ, ಮರುದಿನ ಜತೆಗಾರನಿಗೆ ತೋರಿಸುತ್ತಾನೆ, ಆಮೇಲೆ ಅದನ್ನು ನೋಡುವುದೇ ಇಲ್ಲ. ಅವನ ಕಣ್ಣು ಹಲಗೆಯ ಮೇಲೆ ನಿಲ್ಲದ ದಿನ ಅಳಿಸಿಬಿಡಬೇಕು. ಗಿರಾಕಿಯ ಜಾತಿ, ಹೆಂಡತಿ, ಹೊಟ್ಟೆಗಳ ಮೇಲಿನ ಸಾಲುಗಳನ್ನಂತೂ ಬರೆಯುವ ಮೊದಲೇ ಅಳಿಸಬೇಕು. ಯಜಮಾನ ತನ್ನನ್ನೇ ಹಾಸ್ಯ ಮಾಡಿಕೊಳ್ಳಬಹುದು. ಆದರೆ ‘ನನ್ನ ಚಾ, ನಿಮ್ಮ ಗ್ರಹಚಾರ’ ಎಂದು ಬರೆಯಲು ಚಾ ನಿಜಕ್ಕೂ ಚೆನ್ನಾಗಿರಬೇಕು. ನೀರು ನೀರಾದ ಚಾ ಕೊಟ್ಟರೆ ಗಿರಾಕಿ ಅದನ್ನು ಹಾಸ್ಯವೆಂದು ಓದುವುದಿಲ್ಲ, ದೂರು ಕೊಡುವ ಶ್ರಮ ತಪ್ಪಿತೆಂದುಕೊಳ್ಳುತ್ತಾನೆ.

ಪುತ್ತೂರು, ಸುಳ್ಯ, ಕಡಬದ ಹಲಗೆಗಳಲ್ಲಿ ಒಳ್ಳೆಯ ಸಾಲು ಕಂಡರೆ ಬರೆದು ಕಳುಹಿಸಿ. ಕೆಳಗೆ ವಿವರಣೆ ಬರೆಯಬೇಕೆನಿಸಿದರೆ ಮಾತ್ರ ಕಳುಹಿಸಬೇಡಿ.