ಹೆಸರು ಬದಲಿಸಿ ಓದಿ

ಈ ವಾರ ಅಲ್ಪವಿರಾಮದ ಬಗ್ಗೆ ಬರೆಯುವುದೆಂದುಕೊಂಡಿದ್ದೆ. ಅಷ್ಟರಲ್ಲಿ ತಂಗಿಯ ಮಗಳು ಫೋನು ಹಿಡಿದುಕೊಂಡು ಬಂದಳು. ಟೀಮ್ ಲೀಡ್ ಆಗಿ ಬಡ್ತಿ ಸಿಕ್ಕಿದೆ, ಲಿಂಕ್ಡ್‌ಇನ್‌ಗೆ ಹಾಕಬೇಕು, "ಒಂದ್ಸಲ ನೋಡು ಮಾಮ" ಅಂದಳು.

ಬರೆದದ್ದು ಹೀಗಿತ್ತು: "ಈ ಸುದ್ದಿ ಹಂಚಿಕೊಳ್ಳಲು ಅತ್ಯಂತ ವಿನಮ್ರಳಾಗಿದ್ದೇನೆ. ಸದಾ ಸ್ಫೂರ್ತಿ ತುಂಬಿದ ಮ್ಯಾನೇಜರ್‌ಗೆ, ಅದ್ಭುತ ತಂಡಕ್ಕೆ ಚಿರಋಣಿ." ಕೆಳಗೆ ಹನ್ನೊಂದು ಜನರ ಹೆಸರು ಟ್ಯಾಗ್ ಆಗಿತ್ತು.

ಈ "ವಿನಮ್ರಳಾಗಿದ್ದೇನೆ" ಪಂಥದ ಜೊತೆ ನನ್ನ ಜಗಳ ಹಳೆಯದು. ವಿನಯ ಓದುವವರಿಗೆ ಕಾಣಬೇಕು, ನಾವೇ ಹೇಳಿಕೊಂಡರೆ ಅದು ಉಳಿಯುವುದಿಲ್ಲ. ಕೃತಜ್ಞತೆಗೆ ನನ್ನದೊಂದು ಪರೀಕ್ಷೆ ಇದೆ: ಆ ವಾಕ್ಯದಲ್ಲಿ ಬೇರೆ ಯಾವುದಾದರೂ ಮ್ಯಾನೇಜರ್ ಹೆಸರು ಹಾಕಿ ಓದಿ. ಆಗಲೂ ಸರಿಹೋದರೆ ಆ ಥ್ಯಾಂಕ್ಸ್ ಯಾರಿಗೂ ಸಲ್ಲುವುದಿಲ್ಲ.

"ಅವರು ಮಾಡಿದ್ದೇನು, ಹೇಳು" ಅಂದೆ. ತುಸು ಹೊತ್ತು ಸುಮ್ಮನಿದ್ದಳು. ಅವಳು ಬರೆದ ಸ್ಕ್ರಿಪ್ಟ್ ಒಮ್ಮೆ ಎರಡು ಸಲ ಓಡಿ, ಗ್ರಾಹಕರಿಗೆ ಒಂದೇ ಬಿಲ್ ಎರಡೆರಡು ಸಲ ಹೋಗಿತ್ತಂತೆ. ರಾತ್ರಿ ಹನ್ನೊಂದರ ಕಾಲ್‌ನಲ್ಲಿ ಮ್ಯಾನೇಜರ್ "ರಿವ್ಯೂ ಮಾಡಿದ್ದು ನಾನು" ಅಂದರಂತೆ. ಅದನ್ನು ಸರಿಪಡಿಸುವ ಕೆಲಸವನ್ನು ಬೇರೆಯವರಿಗೆ ಕೊಡದೆ ಅವಳಿಗೇ ಕೊಟ್ಟರಂತೆ. ಬರೆಯಬೇಕಾದದ್ದು ಇದೇ.

ಹಾಗಂತ "ನಾನೇನೂ ಮಾಡಿಲ್ಲ, ಎಲ್ಲ ಅವರದೇ" ಎಂದು ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಗದುಗಿನ ಭಾರತದ ಪೀಠಿಕೆ ನೋಡಿ. ವೀರನಾರಾಯಣನೇ ಕವಿ, ತಾನು ಬರೆದುಕೊಂಡವನಷ್ಟೆ ಎನ್ನುವ ಕುಮಾರವ್ಯಾಸ, ಅದೇ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಯನ್ನೂ ಸಂಕೋಚವಿಲ್ಲದೆ ಎಣಿಸುತ್ತಾನೆ. ಎರಡೂ ಒಂದೇ ಬಾಯಲ್ಲಿ ಬಂದರೂ ಒಂದಕ್ಕೊಂದು ಅಡ್ಡಬರುವುದಿಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೊಸದಾಗಿ ಬರೆಯಲು ಕೂತೆವು. ಲಿಂಕ್ಡ್‌ಇನ್ ಮೊದಲ ಎರಡು ಮೂರು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಹಾಗಾಗಿ ಸುದ್ದಿಯೂ ಮ್ಯಾನೇಜರ್ ವಿಷಯವೂ ಮೇಲೆಯೇ ಬರಬೇಕು: "ಈ ತಿಂಗಳಿಂದ ನಾನು ಟೀಮ್ ಲೀಡ್. ರಾತ್ರಿ ಹನ್ನೊಂದಕ್ಕೆ ನನ್ನ ತಪ್ಪೊಂದು ಹೊರಬಿದ್ದಾಗ ನನ್ನ ಮ್ಯಾನೇಜರ್ ಹೊಣೆ ತಾವು ಹೊತ್ತರು, ಸರಿಪಡಿಸುವ ಕೆಲಸ ನನಗೆ ಬಿಟ್ಟರು." ಆಮೇಲೆ ಅವಳ ಕೆಲಸಕ್ಕೆ ಒಂದೇ ವಾಕ್ಯ: "ಎರಡು ವರ್ಷದಿಂದ ಬಿಲ್ಲಿಂಗ್ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೇನೆ."

ಹನ್ನೊಂದು ಹೆಸರಲ್ಲಿ ಎರಡು ಉಳಿದವು. ಆ ರಾತ್ರಿ ಬೆಳಗಿನವರೆಗೆ ಬಿಲ್ಲುಗಳ ಪಟ್ಟಿ ಹೋಲಿಸಿದವನೊಬ್ಬ, ಮೊದಲ ವಾರ ಪಕ್ಕದಲ್ಲಿ ಕೂತು ಕೋಡ್ ತೋರಿಸಿದವಳೊಬ್ಬಳು. ಯಾರು ಏನು ಮಾಡಿದರೆಂದು ಹೆಸರಿನ ಜೊತೆಗೇ ಬರೆಸಿದೆ. ಉಳಿದ ಒಂಬತ್ತು ಮಂದಿಗೆ ಅವಳು ಒಬ್ಬೊಬ್ಬರಿಗೇ ಮೆಸೇಜ್ ಮಾಡುತ್ತಾಳೆ. ಟ್ಯಾಗ್ ಆದವರಿಗೆಲ್ಲ ಸೂಚನೆ ಹೋಗುತ್ತದೆ. ತೆರೆದು ನೋಡಿದರೆ ತಮ್ಮ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಹೇಗಾದೀತು?

ಹಾಕುವ ಮೊದಲು ಮ್ಯಾನೇಜರ್‌ಗೆ ತೋರಿಸು ಅಂದೆ. ಆಫೀಸಿನ ತಪ್ಪು ಹತ್ತು ಜನರ ಮುಂದೆ ಬರುವುದಕ್ಕೆ ಅವರ ಒಪ್ಪಿಗೆ ಬೇಕು. ಮರುದಿನ ಉತ್ತರ ಬಂತು. "ರಾತ್ರಿ ಹನ್ನೊಂದಕ್ಕೆ" ಅನ್ನುವುದನ್ನು ತೆಗೆದು "ಒಂದು ರಾತ್ರಿ" ಎಂದು ಹಾಕಲು ಹೇಳಿದ್ದರು, ಗ್ರಾಹಕರಿಗೆ ಗುರುತು ಸಿಗುತ್ತದೆಂದು. ಉಳಿದದ್ದನ್ನು ಮುಟ್ಟಿರಲಿಲ್ಲ.