ಕಾಮೆಂಟಿನಲ್ಲಿ ಉಳಿದುಹೋದ ಪ್ರಶ್ನೆಗಳು

ಯೂಟ್ಯೂಬ್ ಚಾನೆಲ್ ಶುರು ಮಾಡಬೇಕೆಂದು ಬರುವವರು ಮೊದಲು ವಿಚಾರಿಸುವುದು ಮೊಬೈಲು ಮತ್ತು ಮೈಕಿನ ಬಗ್ಗೆ. ವಿಷಯ ಯಾವುದು ಎಂದು ಕೇಳಿದರೆ ಅಡುಗೆ, ಕೃಷಿ, ಟೈಲರಿಂಗ್ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ಆ ಒಂದು ಪದದೊಳಗೆ ಹಳೆಯ, ದೊಡ್ಡ ಚಾನೆಲ್‌ಗಳು ಎಷ್ಟೋ ವರ್ಷಗಳಿಂದ ಕೂತಿವೆ. ಹೊಸಬರಿಗೆ ಬೇಕಾಗಿರುವುದು ಅದರೊಳಗಿನ ಒಂದು ಮೂಲೆ. ಯೂಟ್ಯೂಬಿನವರು ಅದನ್ನು ನಿಶ್ ಎನ್ನುತ್ತಾರೆ. ನಮಗೆ ಚೆನ್ನಾಗಿ ಗೊತ್ತಿರುವುದು ಮತ್ತು ನೋಡುವವರು ಪದೇ ಪದೇ ಕೇಳುತ್ತಿರುವುದು ಎರಡೂ ಸೇರುವ ಜಾಗದಲ್ಲೇ ಅದು ಸಿಗುತ್ತದೆ. ಹುಡುಕುವ ಬಗೆಯನ್ನು ದಾವಣಗೆರೆಯ ಒಬ್ಬ ಟೈಲರ್ ಅಕ್ಕನ ಉದಾಹರಣೆಯಿಂದಲೇ ಹೇಳುತ್ತೇನೆ.

ಇವರು ಮನೆಯ ಮುಂದಿನ ಕೋಣೆಯಲ್ಲೇ ಬಹಳ ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದಾರೆ. ಕಟಿಂಗ್ ಕಲಿಸುವ ಚಾನೆಲ್ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಮೊಬೈಲಿನಲ್ಲಿ blouse cutting in kannada ಎಂದು ಹುಡುಕಿ ತೋರಿಸಿದೆ. ಕನ್ನಡದವರ ವಿಡಿಯೋಗಳೇ ಸಾಲುಸಾಲಾಗಿ ಬಂದವು. ಸಾಲದೆಂಬಂತೆ ಕಟಿಂಗ್ ಕಣ್ಣಲ್ಲಿ ನೋಡಿ ಕಲಿಯುವ ಕೆಲಸ. ಚಾಕ್‌ಪೀಸಿನ ಗೆರೆ ಎಲ್ಲಿ, ಕತ್ತರಿ ಎಲ್ಲಿ ಎಂಬುದು ಕಾಣಿಸಿದರೆ ಭಾಷೆ ಅರ್ಧ ಬಂದರೂ ನಡೆಯುತ್ತದೆ. ಹಾಗಾಗಿ ನಮ್ಮ ಹೆಣ್ಣುಮಕ್ಕಳು ತೆಲುಗು, ತಮಿಳು, ಹಿಂದಿ ಚಾನೆಲ್‌ಗಳನ್ನೂ ಧಾರಾಳವಾಗಿ ನೋಡುತ್ತಾರೆ. ಹೊಸ ಚಾನೆಲ್ ಪೈಪೋಟಿಗೆ ನಿಲ್ಲಬೇಕಾದದ್ದು ಇಷ್ಟೂ ಜನರ ಜೊತೆ.

ಮೊದಲು ಒಂದು ನೋಟ್‌ಬುಕ್ಕಿನ ಎಡಪುಟ ತುಂಬಿಸಲು ಹೇಳಿದೆ. ಅಲ್ಲಿ ಬರೆಯಬೇಕಾದ್ದು ತಾವು ಕಲಿತ ವಿದ್ಯೆಗಳನ್ನಲ್ಲ, ಜನ ತಮ್ಮ ಬಾಗಿಲಿಗೆ ತಂದ ತೊಂದರೆಗಳನ್ನು. ಎಲ್ಲೋ ಹೊಲಿಸಿದ್ದನ್ನು ಆಲ್ಟ್ರೇಶನ್‌ಗೆ ತಂದವರು ಏನೇನು ಹೇಳಿದರು ಎಂದು ಅವರದೇ ಮಾತಿನಲ್ಲಿ ಬರೆಯಬೇಕು. ಎರಡು ದಿನದಲ್ಲಿ ಪುಟ ತುಂಬಿತು. ಭುಜ ಜಾರುತ್ತೆ. ಕೈ ಎತ್ತಿದರೆ ಬ್ಲೌಸ್ ಮೇಲಕ್ಕೆ ಹೋಗುತ್ತೆ. ಮುಂದಿನ ಕೊರಳು ಬಾಯಿ ಬಿಡುತ್ತೆ. ಟಕ್ಸ್ ಚೂಪಾಗಿ ಎದ್ದು ಕಾಣುತ್ತೆ. ಬೆನ್ನಲ್ಲಿ ಅಡ್ಡ ನೆರಿಗೆ ಬೀಳುತ್ತೆ. ಇವುಗಳ ಜೊತೆಗೆ ಆರಿ ವರ್ಕು, ಮದುವೆ ಬ್ಲೌಸಿನ ಡಿಸೈನು, ಮಷಿನ್ನಿನಲ್ಲಿ ದಾರ ತುಂಡಾಗುವುದು ಕೂಡ ಇತ್ತು.

ಬಲಪುಟ ತುಂಬಿಸಲು ತಾಳ್ಮೆ ಬೇಕು. ಈಗಿರುವ ದೊಡ್ಡ ಟೈಲರಿಂಗ್ ಚಾನೆಲ್‌ಗಳಲ್ಲಿ ಒಂದೆರಡು ವರ್ಷ ಹಳೆಯದಾದ, ಆದರೂ ಇನ್ನೂ ಕಾಮೆಂಟು ಬರುತ್ತಿರುವ ವಿಡಿಯೋ ತೆಗೆಯಬೇಕು. ಕಾಮೆಂಟುಗಳನ್ನು Newest first ಎಂದು ಜೋಡಿಸಿಕೊಂಡರೆ ಈಗ ಏನು ಕೇಳುತ್ತಿದ್ದಾರೆಂದು ತಿಳಿಯುತ್ತದೆ. 'ಸೂಪರ್ ಅಕ್ಕ' ಎಂಬಂಥವನ್ನು ದಾಟಿಕೊಂಡು ಹೋಗಿ ಪ್ರಶ್ನೆಗಳನ್ನಷ್ಟೇ ಆರಿಸಬೇಕು. ಬಹಳ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ: madam kai ettidre blouse mele hogutte yake. ಇದನ್ನು ಇದ್ದಹಾಗೇ ಬರೆದುಕೊಳ್ಳಬೇಕು. ಟೈಲರ್ ಆದವರು ಇದನ್ನು ತಕ್ಷಣ 'ಆರ್ಮ್‌ಹೋಲ್ ಡೆಪ್ತ್' ಎಂದು ತಮ್ಮ ಭಾಷೆಗೆ ತಿರುಗಿಸಿಬಿಡುತ್ತಾರೆ. ಕೇಳಿದ ಹೆಣ್ಣುಮಗಳಿಗೆ ಆ ಹೆಸರು ಗೊತ್ತಿದ್ದರೆ ಅವಳು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ನಾಳೆ ಅವಳು ಹುಡುಕುವುದೂ ಇದೇ ಮಾತಿನಲ್ಲಿ.

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಇನ್ನೆರಡು ಸಂಗತಿ ಗುರುತು ಹಾಕಿಕೊಳ್ಳಬೇಕು. ಚಾನೆಲ್‌ನವರು ಉತ್ತರ ಕೊಟ್ಟಿದ್ದಾರಾ? ಕೆಳಗೆ ಬೇರೆಯವರು 'ನನಗೂ ಇದೇ ಪ್ರಾಬ್ಲಮ್' ಎಂದಿದ್ದಾರಾ? ಒಂದೇ ಚಾನೆಲ್‌ನ ಒಂದೇ ವಿಡಿಯೋದಲ್ಲಿ ಹತ್ತು ಸಲ ಬಂದ ಪ್ರಶ್ನೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ವಿಡಿಯೋದಲ್ಲೇ ಏನೋ ಸ್ಪಷ್ಟವಾಗಿಲ್ಲದಿರಬಹುದು. ಮೂರು ಬೇರೆ ಬೇರೆ ಚಾನೆಲ್‌ಗಳ ಕೆಳಗೆ ಅದೇ ಪ್ರಶ್ನೆ ಕಂಡರೆ ಮಾತ್ರ ಅದು ನಿಜವಾಗಿ ಜನರ ನಡುವೆ ಇರುವ ಪ್ರಶ್ನೆ.

ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೊಂದಿಕೆಯಾದದ್ದು ಕಟಿಂಗ್ ಅಲ್ಲ, ಹೊಲಿದಾದ ಮೇಲಿನ ಫಿಟಿಂಗ್. ವಿಡಿಯೋ ನೋಡಿ ಕಟ್ ಮಾಡಿ, ಹೊಲಿದು, ಹಾಕಿಕೊಂಡು ಕನ್ನಡಿ ಮುಂದೆ ನಿಂತವರಿಗೆ ಅಲ್ಲಿಂದ ಮುಂದೆ ಕೇಳಲು ಯಾರೂ ಇರಲಿಲ್ಲ.

ಆದರೆ ಒಂದು ವಿಷಯ ಎರಡೂ ಪುಟದಲ್ಲಿ ಬಂದ ಮಾತ್ರಕ್ಕೆ ಒಪ್ಪಿಕೊಳ್ಳುವಂತಿಲ್ಲ. ಆರಿ ವರ್ಕು ಎರಡೂ ಕಡೆ ಇತ್ತು. ಅದರ ಕೆಳಗಿನ ಕಾಮೆಂಟುಗಳನ್ನು ಬಿಡಿಸಿ ನೋಡಿದರೆ 'ರೇಟ್ ಎಷ್ಟು', 'ನಿಮ್ಮ ಅಂಗಡಿ ಎಲ್ಲಿ', 'ಕೊರಿಯರ್ ಮಾಡ್ತೀರಾ' ಎಂಬುವೇ ಹೆಚ್ಚು. ಇವರು ಗಿರಾಕಿಗಳು. ಅವರಿಂದ ಅಂಗಡಿಗೆ ವ್ಯಾಪಾರ ಆಗಬಹುದು, ಮುಂದಿನ ವಿಡಿಯೋಗೆ ವಿಷಯ ಸಿಗುವುದಿಲ್ಲ. ಮಷಿನ್ನಿನ ದಾರ ತುಂಡಾಗುವ ಪ್ರಶ್ನೆ ಕೇಳುವವರು ಬಹಳ ಜನರಿದ್ದರು. ಸೂಜಿ ತಿರುವುಮುರುವಾಗಿ ಕೂತಿರಬಹುದು, ದಾರ ಪೋಣಿಸಿದ್ದು ತಪ್ಪಿರಬಹುದು, ಟೆನ್ಷನ್ ಬಿಗಿಯಾಗಿರಬಹುದು ಎಂಬಷ್ಟು ಅಕ್ಕನಿಗೂ ಗೊತ್ತು. ಅದರಾಚೆಗೆ ಅವರೂ ಮೆಕ್ಯಾನಿಕ್ಕನ್ನೇ ಕರೆಸುತ್ತಾರೆ. ಮೊದಲ ವಿಡಿಯೋಗೆ ಬರುವ ಎರಡನೇ ಪ್ರಶ್ನೆಗೇ ಉತ್ತರ ಇಲ್ಲದಿದ್ದರೆ ಆ ಚಾನೆಲ್ ಮುಂದೆ ಸಾಗುವುದಿಲ್ಲ. ಬಲಪುಟದಲ್ಲಿ ಅದು ಎಷ್ಟೇ ತುಂಬಿದ್ದರೂ ಬಿಡಿಸಿದೆ.

ಗೊತ್ತಿರುವುದರ ಆಳವನ್ನು ಅಳೆಯಲು ನಾನು ಒಂದು ಪ್ರಶ್ನೆ ಹಿಡಿದು ಕೆದಕುತ್ತೇನೆ. 'ಅಕ್ಕಾರೆ, ಕೈ ಎತ್ತಿದರೆ ಬ್ಲೌಸ್ ಯಾಕೆ ಮೇಲೆ ಹೋಗುತ್ತೆ?' ಎಂದೆ.

'ಆರ್ಮ್‌ಹೋಲ್ ಬಹಳ ಕೆಳಗಿಳಿದಿರ್ತದ ಅಣ್ಣಾರೆ. ಕಂಕುಳಕ್ಕೆ ಹತ್ತಿರ ಇದ್ರೆ ಕೈ ಒಂದೇ ಮೇಲೆ ಹೋಗ್ತದ. ಕೆಳಗಿದ್ರೆ ಕೈ ಜೊತೆ ಸೈಡನ್ನೂ ಎಳಕೊಂಡು ಹೋಗ್ತದ. ಜನ ಏನ್ ಮಾಡ್ತಾರ, ಕೈ ಎತ್ತಾಕ ಬಿಗಿ ಆಗ್ತದ ಅಂತ ಆರ್ಮ್‌ಹೋಲ್ ಇನ್ನೂ ಕಟ್ ಮಾಡ್ತಾರ. ಮೊದಲಿಗಿಂತ ಕೆಡ್ತದ ನೋಡ್ರಿ.'

'ಹೊಲಿದು ಮುಗಿದಿದ್ದರೆ?'

'ಕಟ್ ಮಾಡಿದ ಬಟ್ಟಿ ವಾಪಸ್ ಬರಂಗಿಲ್ಲ. ಭುಜದಾಗ ಸ್ವಲ್ಪ ಎತ್ತಿ ಹಿಡದ್ರ ಆರ್ಮ್‌ಹೋಲ್ ಮೇಲೆ ಬರ್ತದ. ಆದ್ರ ಕೊರಳೂ ಮೇಲೆ ಬರ್ತದ, ಉದ್ದಾನೂ ಕಡಿಮಿ ಆಗ್ತದ. ಇಲ್ಲಾಂದ್ರ ಕಂಕುಳಾಗ ಒಂದು ಸಣ್ಣ ಪೀಸ್ ಕೂಡಿಸಬೇಕು.'

ಭುಜ ಜಾರುವುದಕ್ಕೆ ಕಾರಣ ಕೇಳಿದೆ. ಕೊರಳಿನ ಅಗಲ ಹೆಚ್ಚಾಗಿರಬಹುದು, ಹಾಕಿಕೊಳ್ಳುವವರ ಭುಜವೇ ಇಳಿಜಾರಾಗಿರಬಹುದು ಎಂದರು. ಗುರುತಿಸುವುದು ಹೇಗೆಂದೂ ತೋರಿಸಿದರು: ಹಾಕಿಕೊಂಡವರ ಹಿಂದೆ ನಿಂತು ಹಿಂದಿನ ಕೊರಳ ಅಂಚನ್ನು ನಡುವೆ ಎರಡು ಬೆರಳಲ್ಲಿ ಚಿವುಟಿ ಹಿಡಿಯುವುದು. ಭುಜ ಜಾರದೆ ನಿಂತರೆ ತೊಂದರೆ ಕೊರಳಿನ ಅಗಲದ್ದು. ಆಗ ಹಿಂದೆ ಡೋರಿ ಕಟ್ಟಿದರೂ ಕೆಲಸವಾಗುತ್ತದೆ. ಒಂದು ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಕಾರಣ, ಯಾವುದೆಂದು ಗುರುತಿಸುವ ಬಗೆ, ಸರಿಮಾಡುವ ಕ್ರಮ, ಸರಿಯಾಗದ ಸಂದರ್ಭ ಯಾವುದು ಎಂಬ ತಿಳಿವಳಿಕೆ, ಈ ನಾಲ್ಕೂ ಬಾಯಿಗೆ ತಾನಾಗಿ ಬಂದರೆ ಆ ಮೂಲೆ ಅವರದೇ ಎಂದು ನನಗೆ ಖಾತ್ರಿಯಾಗುತ್ತದೆ.

ಆಮೇಲೆ ಹುಡುಕುವ ಪೆಟ್ಟಿಗೆಯ ಪರೀಕ್ಷೆ. ಇದನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಲಾಗಿನ್ ಆಗದೆ ಮಾಡಬೇಕು. ಇಲ್ಲದಿದ್ದರೆ ನಾವೇ ಮೊದಲು ಹುಡುಕಿದ್ದು ನಮಗೇ ಎದುರು ಬರುತ್ತದೆ. ಪ್ರಶ್ನೆಯ ಮೊದಲ ಎರಡು ಪದ ಟೈಪ್ ಮಾಡಿ ನಿಲ್ಲಿಸಿದರೆ ಕೆಳಗೆ ಸಲಹೆಗಳು ಇಳಿಯುತ್ತವೆ. ಅವು ಮುಖ್ಯವಾಗಿ ಬೇರೆಯವರು ಹುಡುಕಿರುವುದನ್ನು ಆಧರಿಸಿದ ಸಲಹೆಗಳು. ಎಷ್ಟು ಜನ ಹುಡುಕಿದ್ದಾರೆಂದು ಮಾತ್ರ ಅಲ್ಲಿ ಗೊತ್ತಾಗುವುದಿಲ್ಲ. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ನೋಡಬೇಕು. ಎರಡರ ಸಲಹೆಗಳೂ ಬೇರೆಯಾಗಿರುತ್ತವೆ.

ಸಲಹೆಗಳು ಬರುತ್ತವೆ, ಆದರೆ ಮೇಲೆ ಕಾಣುವ ವಿಡಿಯೋಗಳು ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವುದಿಲ್ಲ ಎಂದಾದರೆ ಅದು ಒಳ್ಳೆಯ ಜಾಗ. ಫಿಟಿಂಗ್ ಪ್ರಶ್ನೆಗಳಲ್ಲಿ ಹಲವು ಹೀಗೇ ಇದ್ದವು: ತೊಂದರೆ ಸರಿಮಾಡುವುದನ್ನು ಹುಡುಕಿದರೆ ಹೊಸ ಬ್ಲೌಸನ್ನು ಮೊದಲಿನಿಂದ ಕಟ್ ಮಾಡುವ ವಿಡಿಯೋ ಎದುರು ಬರುತ್ತಿತ್ತು. ಸಲಹೆಯೂ ಇಲ್ಲ, ವಿಡಿಯೋವೂ ಇಲ್ಲ ಎಂದಾದರೆ ಹಿಗ್ಗಬಾರದು. ಪೈಪೋಟಿ ಇಲ್ಲವೆಂದು ಖುಷಿಪಟ್ಟು ಅಲ್ಲಿ ಚಾನೆಲ್ ತೆರೆದವರನ್ನು ನೋಡಿದ್ದೇನೆ. ಅಲ್ಲಿ ಹುಡುಕುವವರೇ ಇರುವುದಿಲ್ಲ. ಹೊಸ ಚಾನೆಲ್‌ಗೆ ಹಳೆಯ ನೋಡುಗರಿಲ್ಲ, ಯಾರಿಗೆ ತೋರಿಸಬೇಕೆಂದು ಯೂಟ್ಯೂಬಿಗೂ ಇನ್ನೂ ಗೊತ್ತಿರುವುದಿಲ್ಲ. ಹುಡುಕಿಕೊಂಡು ಬರುವವರೇ ಅದರ ಮೊದಲ ಜನ.

ಇನ್ನು ಆ ಮೂಲೆ ಎಷ್ಟು ದೊಡ್ಡದು ಎಂಬುದು. ಇಪ್ಪತ್ತು ವಿಡಿಯೋಗಳ ಶೀರ್ಷಿಕೆ ಬರೆಯಲು ಹೇಳುತ್ತೇನೆ, ಪ್ರತಿಯೊಂದೂ ಬಲಪುಟದ ಒಂದು ಪ್ರಶ್ನೆಗೆ ಉತ್ತರವಾಗಿರಬೇಕು. 'ಭುಜ ಜಾರುವುದು' ಒಂದನ್ನೇ ಹಿಡಿದಿದ್ದರೆ ಆರೇಳಕ್ಕೆ ನಿಂತುಹೋಗುತ್ತಿತ್ತು. ಅದು ಪ್ಲೇಲಿಸ್ಟ್ ಆಗುತ್ತದೆ, ಚಾನೆಲ್ ಆಗುವುದಿಲ್ಲ. 'ಟೈಲರಿಂಗ್' ಎಂದರೆ ಇನ್ನೂರು ಬರೆಯಬಹುದು, ಆದರೆ ಮೊದಲನೆಯದನ್ನು ನೋಡಿದವಳಿಗೆ ಎರಡನೆಯದು ಬೇಕಾಗದೆ ಹೋಗಬಹುದು. 'ಹೊಲಿದ ಬ್ಲೌಸ್ ಸರಿಮಾಡುವುದು' ಎಂಬುದರಲ್ಲಿ ಇಪ್ಪತ್ತು ದಾಟಿತು. ಭುಜ ಸರಿಮಾಡಿಕೊಂಡವಳಿಗೆ ಮರುವಾರ ಟಕ್ಸಿನ ತುದಿ ಯಾಕೆ ಚೂಪಾಯಿತೆಂಬ ವಿಡಿಯೋ ಕೂಡ ಬೇಕಾಗುತ್ತದೆ. ತುದಿ ಎದೆಯ ನಡುಬಿಂದುವಿಗೆ ಮುಟ್ಟಿದರೆ ಚೂಪಾಗುತ್ತದೆ, ಅರ್ಧದಿಂದ ಒಂದು ಇಂಚು ಹಿಂದೆಯೇ ನಿಲ್ಲಿಸಬೇಕು.

ನಾನು ಮೊದಲು ಯೋಚಿಸದಿದ್ದ ಒಂದು ತೊಡಕು ಚಿತ್ರೀಕರಣಕ್ಕೆ ಹೊರಟಾಗ ಎದುರಾಯಿತು. ಅಂಗಡಿಯ ಡಮ್ಮಿಗೆ ಕೈಗಳಿಲ್ಲ. ಕೈ ಎತ್ತಿದಾಗಿನ ತೊಂದರೆಯನ್ನು ಅದರ ಮೇಲೆ ತೋರಿಸಲಾಗದು. ಕ್ಯಾಮೆರಾ ಮುಂದೆ ಬರೀ ಬ್ಲೌಸಿನಲ್ಲಿ ನಿಲ್ಲಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೊನೆಗೆ ಅಕ್ಕನ ಸೊಸೆ ಸೀರೆ ಉಟ್ಟು, ಸೆರಗು ಪಿನ್ ಮಾಡಿಕೊಂಡು, ಬೆನ್ನು ಮತ್ತು ಬಗಲಿನ ಕಡೆಯಿಂದ ಮಾತ್ರ ತೋರಿಸುವುದೆಂದಾಯಿತು. ಮುಂಭಾಗದ ಟಕ್ಸ್ ಎಲ್ಲ ಡಮ್ಮಿಯ ಮೇಲೆ. ಈಗ ನಾನು ಶೀರ್ಷಿಕೆಗಳ ಪಟ್ಟಿಯ ಪಕ್ಕದಲ್ಲಿ 'ಯಾವುದರ ಮೇಲೆ ತೋರಿಸುತ್ತೀರಿ' ಎಂಬ ಇನ್ನೊಂದು ಸಾಲನ್ನೂ ಬರೆಸುತ್ತೇನೆ.

ಈ ಬಗೆಯ ಚಾನೆಲ್‌ಗೆ ಒಂದು ಮಿತಿ ಇದೆ, ಅದನ್ನು ಅಕ್ಕನಿಗೂ ಮುಂಚೆಯೇ ಹೇಳಿದ್ದೆ. ತೊಂದರೆ ನೀಗಿದ ಮೇಲೆ ನೋಡುಗರು ಹೊರಟುಹೋಗುತ್ತಾರೆ. ವಿಡಿಯೋಗಳೂ ಚಿಕ್ಕವು. ಜಾಹೀರಾತಿನ ಆದಾಯಕ್ಕೆ 1000 ಸಬ್‌ಸ್ಕ್ರೈಬರ್‌ಗಳ ಜೊತೆಗೆ ಹನ್ನೆರಡು ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ನಾಲ್ಕೈದು ನಿಮಿಷದ ವಿಡಿಯೋಗಳಿಂದ ಆ ಗಂಟೆಗಳು ನಿಧಾನವಾಗಿ ಕೂಡುತ್ತವೆ. ಅದಕ್ಕೇ ತಿಂಗಳಿಗೊಂದು ದೊಡ್ಡ ವಿಡಿಯೋ ಇರಲಿ ಎಂದೆ: ಎಲ್ಲ ಕಡೆ ಕೆಟ್ಟಿರುವ ಒಂದೇ ಬ್ಲೌಸ್ ತೆಗೆದುಕೊಂಡು ಬಿಚ್ಚುವುದರಿಂದ ಹಿಡಿದು ಹಾಕಿ ತೋರಿಸುವವರೆಗೆ.

ಆಯ್ಕೆ ಸರಿಯೋ ತಪ್ಪೋ ಎಂದು ತಿಳಿಯಲು ವೀಕ್ಷಣೆಯ ಸಂಖ್ಯೆಗಿಂತ ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ Traffic source ನೋಡಬೇಕು. ಅಲ್ಲಿ YouTube search ಒತ್ತಿದರೆ ಜನ ಯಾವ ಪದ ಬರೆದು ಬಂದರು ಎಂಬುದು ಕಾಣುತ್ತದೆ. ವೀಕ್ಷಣೆ ತೀರಾ ಕಡಿಮೆ ಇದ್ದಾಗ ಪಟ್ಟಿ ಖಾಲಿ ಇರಬಹುದು, ಆಗ ಕೆಲವು ವಾರ ಕಾಯಬೇಕು. ಬಂದ ಪದಗಳು ಬಲಪುಟದ ಮಾತನ್ನು ಹೋಲುತ್ತಿದ್ದರೆ ಹೊಂದಿಕೆ ಸರಿಯಿದೆ. ಪದ ಸರಿಯಿದ್ದೂ ಜನ ಮೊದಲ ಅರ್ಧ ನಿಮಿಷದಲ್ಲೇ ಎದ್ದು ಹೋಗುತ್ತಿದ್ದರೆ ವಿಷಯ ಬದಲಿಸುವ ಮೊದಲು ಆರಂಭವನ್ನು ಬದಲಿಸಿ ನೋಡಬೇಕು. ನಮಸ್ಕಾರ, ಹೆಸರು, ಊರು ಎಲ್ಲ ಆಮೇಲಿರಲಿ. ಮೊದಲ ದೃಶ್ಯದಲ್ಲೇ ಕೈ ಎತ್ತಬೇಕು, ಬ್ಲೌಸ್ ಮೇಲೇರುವುದು ಕಾಣಬೇಕು.

ಅಕ್ಕನ ಮೊದಲ ವಿಡಿಯೋಗೆ ಬಂದ ಕಾಮೆಂಟುಗಳಲ್ಲಿ ಕಂಕುಳಿಗೆ ಕೂಡಿಸುವ ಪೀಸನ್ನು ಯಾವ ಅಳತೆಗೆ ಕತ್ತರಿಸಬೇಕು ಎಂದು ಕೇಳಿದವರು ಒಬ್ಬರಿಗಿಂತ ಹೆಚ್ಚಿದ್ದರು. ಪಟ್ಟಿಯಲ್ಲಿ ಎರಡನೆಯದಾಗಿದ್ದ ಭುಜದ ವಿಡಿಯೋವನ್ನು ಅವರು ಒಂದು ವಾರ ಮುಂದೂಡಿ, ಮೊದಲು ಇದನ್ನು ಚಿತ್ರೀಕರಿಸುತ್ತಿದ್ದಾರೆ.